ಸಾವಿರ ವ್ಯೂಸ್‌ಗೆ ಎಷ್ಟು ದುಡ್ಡು?

ಇಬ್ಬರ ವಿಡಿಯೋಗೂ ಲಕ್ಷ ವ್ಯೂಸ್.
ಒಬ್ಬರ ಕೈಗೆ 4,400 ರೂಪಾಯಿ.
ಇನ್ನೊಬ್ಬರಿಗೆ 17,600.
ಹೀಗೂ ಆಗುತ್ತಾ?

ಆಗುತ್ತೆ.
ಯಾಕಂದ್ರೆ ಯೂಟ್ಯೂಬ್ ದುಡ್ಡು ಕೊಡೋದು ವ್ಯೂಸ್‌ಗಲ್ಲ,
ವಿಡಿಯೋ ಜೊತೆ ಓಡಿದ ಜಾಹೀರಾತಿಗೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ
ವರ್ತಕರು ಟೆಂಡರ್ ಹಾಕ್ತಾರಲ್ಲ?
ಹಾಗೇ ನಿಮ್ಮ ವೀಕ್ಷಕರಿಗಾಗಿ
ಕಂಪನಿಗಳು ಬಿಡ್ ಹಾಕ್ತವೆ.
ಪೈಪೋಟಿ ಇದ್ದಲ್ಲಿ ದರ ಏರುತ್ತೆ.

ಒಂದು ಲೆಕ್ಕ ಹಾಕೋಣ.
ಸಾವಿರ ವ್ಯೂಸ್ ಬಂತು ಅಂದ್ಕೊಳ್ಳಿ.
ಜಾಹೀರಾತು ಓಡಿದ್ದು 400 ಸಲ ಮಾತ್ರ.
ಸಾವಿರ ಜಾಹೀರಾತಿಗೆ ದರ 200 ರೂಪಾಯಿ.
ಅಂದ್ರೆ ಬಂದಿದ್ದು 80.
ಉದ್ದ ವಿಡಿಯೋದಲ್ಲಿ ನಿಮ್ಮ ಪಾಲು ಶೇಕಡಾ 55.
ಕೈಗೆ 44 ರೂಪಾಯಿ.
ಇದೇ ಆರ್‌ಪಿಎಂ.

ಈಗ ದರ 800 ಮಾಡಿ.
ಕೈಗೆ 176!

ಈ ದರ ಏರಿಸೋದು ಯಾವುದು?
ಮೊದಲನೇದು, ವಿಷಯ.
ಗೃಹಸಾಲದ ವಿಡಿಯೋ ನೋಡೋರಲ್ಲಿ
ಒಬ್ಬರು ಗ್ರಾಹಕರಾದ್ರೂ
ಬ್ಯಾಂಕಿಗೆ ವರ್ಷಾನುಗಟ್ಟಲೆ ಬಡ್ಡಿ.
ಅದಕ್ಕೇ ಜಾಸ್ತಿ ಬಿಡ್ ಹಾಕುತ್ತೆ.
ಕಾಮಿಡಿ ನೋಡೋರು ಏನು ಕೊಳ್ತಾರೆ?
ಹೇಳೋದು ಕಷ್ಟ.

ಎರಡನೇದು, ದೇಶ.
ನೀವು ಎಲ್ಲಿದ್ದೀರಿ ಅನ್ನೋದಲ್ಲ,
ನೋಡೋರು ಎಲ್ಲಿದ್ದಾರೆ ಅನ್ನೋದು.
ಅದೇ ಕನ್ನಡ ಅಡುಗೆ ವಿಡಿಯೋ,
ದಾವಣಗೆರೆಯಲ್ಲಿ ನೋಡಿದ್ರೆ ಇಲ್ಲಿನ ಜಾಹೀರಾತು, ಇಲ್ಲಿನ ದರ.
ನ್ಯೂಜೆರ್ಸಿಯ ಕನ್ನಡಿಗರು ನೋಡಿದ್ರೆ
ಅಮೆರಿಕದ ದರ.
ಅದು ಸಾಮಾನ್ಯವಾಗಿ ಹಲವು ಪಟ್ಟು ಹೆಚ್ಚು.

ಶಾರ್ಟ್ಸ್ ಲೆಕ್ಕ ಬೇರೆ, ಅಲ್ಲಿ ದುಡ್ಡು ತುಂಬಾ ಕಮ್ಮಿ.

ಯೂಟ್ಯೂಬ್ ಸ್ಟುಡಿಯೋ ತೆರೆಯಿರಿ.
ಪ್ರತಿ ವಿಡಿಯೋದ ಆರ್‌ಪಿಎಂ ನೋಡಿ,
ಪಕ್ಕದಲ್ಲೇ ವೀಕ್ಷಕರ ದೇಶ ನೋಡಿ.
ಮುಂದಿನ ವಿಡಿಯೋ ಯಾವುದು ಅಂತ
ಆಮೇಲೆ ತೀರ್ಮಾನಿಸಿ.