ಮಧ್ಯಾಹ್ನ ನಿದ್ದೆ ಬಾರದ ಕೂಸು

ಕಾಫಿ ಕೊಯ್ಲು ಶುರುವಾಯಿತೆಂದರೆ ಸಕಲೇಶಪುರ, ಆಲೂರು ಕಡೆಯ ಲೈನ್ ಮನೆಗಳಲ್ಲಿ ಕತ್ತಲಿರುವಾಗಲೇ ಒಲೆ ಹೊತ್ತಿಕೊಳ್ಳುತ್ತದೆ. ಅಮ್ಮ ಎದ್ದಾಗ ಕೂಸೂ ಏಳುತ್ತದೆ. ಅವಳು ತೋಟಕ್ಕೆ ಇಳಿಯುವ ಮೊದಲು ಅದನ್ನು ಯಾರ ಕೈಗಾದರೂ ಒಪ್ಪಿಸಲೇಬೇಕು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಆರಂಭಿಸಿತು. ಮೂರು ದಾಟಿದವರಿಗೆ ಅಂಗನವಾಡಿ ಇದೆ. ಹೆಸರು ಯಾವುದಾದರೂ ಊಟ ಮುಗಿದ ಮೇಲೆ ಎಲ್ಲ ಕಡೆ ಒಂದೇ ದೃಶ್ಯ: ಚಾಪೆ ಹಾಸುತ್ತಾರೆ, ಮಕ್ಕಳನ್ನು ಸಾಲಾಗಿ ಮಲಗಿಸಿ ತಟ್ಟುತ್ತಾರೆ. ಬಹಳಷ್ಟು ಮಕ್ಕಳು ನಿದ್ದೆಹೋಗುತ್ತವೆ. ಒಂದೆರಡು ಮಾತ್ರ ಕಣ್ಣು ಬಿಟ್ಟುಕೊಂಡೇ ಹೊರಳಾಡುತ್ತವೆ. ಅವುಗಳನ್ನು ಗದರಿಸಿ ಮಲಗಿಸುವುದು ನಮ್ಮಲ್ಲಿ ರೂಢಿ. ಅದು ತಪ್ಪು ಎನ್ನಲು ಮಗುವಿನ ಮೆದುಳಿನಲ್ಲೇ ಕಾರಣವಿದೆ.

ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ ಎಂಬ ವಿವರಣೆಯನ್ನು 1982ರಲ್ಲಿ ಕೊಟ್ಟವರು ಅಲೆಕ್ಸಾಂಡರ್ ಬೊರ್ಬೆಲಿ. ಒಂದು, ದೇಹದೊಳಗಿನ ಗಡಿಯಾರ. ಊಟ ಮಾಡದಿದ್ದರೂ ಮಧ್ಯಾಹ್ನ ಒಂದು ಜೊಂಪು ಬರುತ್ತದಲ್ಲ, ಅದರಲ್ಲಿ ಈ ಗಡಿಯಾರದ ಕೈ ಇದೆ. ಇನ್ನೊಂದು, ಎಚ್ಚರವಿದ್ದಷ್ಟೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಮೆದುಳು ಕೆಲಸ ಮಾಡಿದಷ್ಟೂ ಅದರಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತದೆ, ನಿದ್ದೆ ಮಾಡಿದಾಗ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಸೂರಿನಡಿ ಇಟ್ಟ ಪಾತ್ರೆಯ ಹಾಗೆ ಇದು. ಒಂದೂವರೆ ವರ್ಷದ ಕೂಸಿನದು ಚೊಂಬು, ಅರ್ಧ ದಿನಕ್ಕೇ ತುಂಬಿ ಚೆಲ್ಲುತ್ತದೆ. ಮೆದುಳು ಬಲಿಯುತ್ತ ಬಂದಂತೆ ಚೊಂಬು ಕೊಡವಾಗುತ್ತದೆ, ತುಂಬಲು ಸಂಜೆಯವರೆಗೂ ಸಮಯ ಬೇಕಾಗುತ್ತದೆ. ಈ ಬದಲಾವಣೆ ಎಲ್ಲ ಮಕ್ಕಳಲ್ಲೂ ಒಂದೇ ವಯಸ್ಸಿಗೆ ಆಗುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಎರಡು ವರ್ಷಕ್ಕೆ ಮೊದಲೇ ಹಗಲು ನಿದ್ದೆ ಬಿಡುವ ಮಕ್ಕಳು ನೂರಕ್ಕೆ ಮೂರೂ ಇಲ್ಲ. ಐದು ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಟ್ಟಿರುತ್ತಾರೆ. ನಡುವಿನ ಮೂರು ವರ್ಷಗಳಲ್ಲಿ ಯಾವ ಮಗು ಯಾವಾಗ ಬಿಡುತ್ತದೆ ಎಂದು ವಯಸ್ಸು ನೋಡಿ ಹೇಳಲು ಬರುವುದಿಲ್ಲ.

ಒಂದೇ ಚಾಪೆಯ ಮೇಲೆ ಮಲಗಿರುವ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಲೈನ್ ಮನೆಯ ಹುಡುಗಿಗೆ ಎರಡು ವರ್ಷ. ರಾತ್ರಿ ಎಂಟೂವರೆಗೆ ಮಲಗಿ ಬೆಳಗ್ಗೆ ಐದೂವರೆಗೆ ಎದ್ದಿದ್ದಾಳೆ. ಅಂದರೆ ಒಂಬತ್ತು ಗಂಟೆ ನಿದ್ದೆ. ಈ ವಯಸ್ಸಿಗೆ ದಿನಕ್ಕೆ ಒಟ್ಟು 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಧ್ಯಾಹ್ನ ಎರಡು ಗಂಟೆ ಮಲಗದಿದ್ದರೆ ಅವಳ ಲೆಕ್ಕ ಕೂಡಿಬರುವುದೇ ಇಲ್ಲ. ಪಕ್ಕದಲ್ಲಿರುವ ಅಂಗಡಿಯವರ ಹುಡುಗನಿಗೆ ಮೂರೂವರೆ. ಒಂಬತ್ತೂವರೆಗೆ ಮಲಗಿ ಏಳೂವರೆಗೆ ಎದ್ದವನು. ಅವನ ವಯಸ್ಸಿಗೆ ಬೇಕಾದದ್ದು 10ರಿಂದ 13 ಗಂಟೆ. ಹತ್ತು ರಾತ್ರಿಯೇ ಆಗಿದೆ. ಮಧ್ಯಾಹ್ನ ಒಂದಕ್ಕೆ ಅವಳು ಎದ್ದು ಏಳೂವರೆ ಗಂಟೆಯಾಗಿದೆ, ಅವನು ಎದ್ದು ಐದೂವರೆ ಮಾತ್ರ. ಅವನು ಹಟ ಮಾಡುತ್ತಿಲ್ಲ. ಅವನ ಕೊಡ ಇನ್ನೂ ಅರ್ಧವಷ್ಟೇ ತುಂಬಿದೆ.

ಅವನನ್ನು ಬಲವಂತವಾಗಿ ಮಲಗಿಸಿದರೆ ನಷ್ಟ ರಾತ್ರಿಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಸಾಲಿ ಸ್ಟೇಟನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಡ್ಡಾಯವಾಗಿ ಮಲಗಿಸುವ ಶಿಶುಕೇಂದ್ರಗಳ ಮಕ್ಕಳು ರಾತ್ರಿ ಕಡಿಮೆ ನಿದ್ದೆ ಮಾಡುತ್ತಿದ್ದರು. ಹಾಗಾದರೆ ನಿದ್ದೆ ಮಾಡದ ಮಗು ಕಲಿಕೆಯಲ್ಲಿ ಹಿಂದೆ ಬೀಳುವುದಿಲ್ಲವೇ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೆಬೆಕಾ ಸ್ಪೆನ್ಸರ್ ಅವರ ತಂಡ ಮಕ್ಕಳಿಗೆ ಯಾವ ಚಿತ್ರ ಎಲ್ಲಿತ್ತು ಎಂಬ ನೆನಪಿನ ಆಟ ಆಡಿಸಿ 2013ರಲ್ಲಿ ಇದನ್ನು ಪರೀಕ್ಷಿಸಿತು. ಹಗಲು ನಿದ್ದೆ ರೂಢಿಯಿದ್ದ ಮಕ್ಕಳು ಅದನ್ನು ತಪ್ಪಿಸಿಕೊಂಡಾಗ ಮರೆತರು, ರಾತ್ರಿಯ ನಿದ್ದೆ ಆ ಕೊರತೆಯನ್ನು ತುಂಬಲಿಲ್ಲ. ರೂಢಿ ಬಿಟ್ಟಿದ್ದ ಮಕ್ಕಳಿಗೆ ಅಷ್ಟು ನಷ್ಟವಾಗಲಿಲ್ಲ. ಆದ್ದರಿಂದ ನಿದ್ದೆ ಬೇಕಾದವರ ನಿದ್ದೆ ಕೆಡಬಾರದು, ಬೇಡವಾದವರು ಸುಮ್ಮನೆ ಸೆರೆಯಲ್ಲಿರಬಾರದು. ಈ ಎರಡನ್ನೂ ಒಂದೇ ಕೋಣೆಯಲ್ಲಿ ಸಾಧಿಸಬೇಕು.

ಮೊದಲ ಇಪ್ಪತ್ತು ನಿಮಿಷ ಎಲ್ಲರೂ ಮಲಗಲಿ. ಬೆಳಕು ಮಂದವಾಗಿರಲಿ. ನಿದ್ದೆ ಬರುವ ಮಗು ಸಾಮಾನ್ಯವಾಗಿ ಅಷ್ಟರಲ್ಲಿ ಮಲಗಿರುತ್ತದೆ. ಆಮೇಲೂ ಕಣ್ಣು ತೆರೆದಿರುವವರನ್ನು ಮಾತಿಲ್ಲದೆ ಕೈಹಿಡಿದು ಬಾಗಿಲ ಹತ್ತಿರದ ಬೇರೆ ಚಾಪೆಗೆ ಕರೆತಂದು ಒಬ್ಬೊಬ್ಬರಿಗೆ ಒಂದೊಂದೇ ವಸ್ತು ಕೊಡಬೇಕು. ನೋಡಿಕೊಳ್ಳುವವರಿಗೆ ಎರಡೂ ಚಾಪೆ ಕಾಣುವಂತಿರಬೇಕು. ಆಟದ ಬುಟ್ಟಿಯನ್ನು ಮೊದಲೇ ಹೊರಗಿಟ್ಟರೆ ನಿದ್ದೆ ಬರುತ್ತಿದ್ದ ಮಗುವೂ ಎದ್ದು ಕೂರುತ್ತದೆ. ಇಡೀ ಏರ್ಪಾಡು ಸಾಮಾನ್ಯವಾಗಿ ಕೆಡುವುದು ಇಲ್ಲಿಯೇ.

ಏನು ಕೊಡಬೇಕು? ಸದ್ದು ಮಾಡದ, ಮತ್ತೆ ಮತ್ತೆ ಮಾಡಬಹುದಾದ, ಗೆಲುವು ಸೋಲಿಲ್ಲದ ಕೆಲಸ. ನೆಟ್ಟಗೆ ನಿಲ್ಲಿಸಿದ ಮೊಂಡು ಗೂಟಕ್ಕೆ ಬಟ್ಟೆ ಸುತ್ತಿದ ದೊಡ್ಡ ಬಳೆಗಳನ್ನು ಒಂದೊಂದಾಗಿ ಹಾಕಿ ತೆಗೆಯುವುದು. ಸಣ್ಣ ಟವೆಲುಗಳನ್ನು ಮಡಚಿ ಬುಟ್ಟಿಗೆ ಜೋಡಿಸುವುದು. ಸ್ಲೇಟಿನ ಮೇಲೆ ಒದ್ದೆ ಬಟ್ಟೆಯಿಂದ ಗೆರೆ ಎಳೆದು ಅದು ಆರುವುದನ್ನು ನೋಡುವುದು. ಮಳೆಗಾಲದ ಮಲೆನಾಡಿನಲ್ಲಿ ಗೆರೆ ಆರಲು ಬಹಳ ಹೊತ್ತು ಹಿಡಿಯುವುದೇ ಇಲ್ಲಿ ಅನುಕೂಲ. ನಯವಾಗಿ ಉಜ್ಜಿದ ತೆಂಗಿನ ಕರಟಗಳನ್ನು ಬಟ್ಟೆಯ ಮೇಲೆ ಒಂದರೊಳಗೊಂದು ಕೂರಿಸುವುದೂ ಆಗುತ್ತದೆ. ಬಟ್ಟೆಯ ಪುಸ್ತಕವಿದ್ದರೆ ಅದೂ ಒಳ್ಳೆಯದೇ. ಕೊಯ್ಲಿನ ಕಾಲದಲ್ಲಿ ದೂರದೂರಿಂದ ಬಂದವರ ಮಕ್ಕಳೂ ಇರುತ್ತಾರೆ. ಇದರಲ್ಲಿ ಯಾವುದಕ್ಕೂ ಭಾಷೆ ಬೇಕಾಗಿಲ್ಲ. ದಿನವೂ ಅದೇ ವಸ್ತುಗಳಿರಲಿ. ಹೊಸದು ಕಂಡರೆ ಮಗು ಮತ್ತಷ್ಟು ಚುರುಕಾಗುತ್ತದೆ. ಮೊಬೈಲು ಬೇಡವೇ ಬೇಡ, ಅದರ ಬೆಳಕು ಸದ್ದುಗಳಿಗೆ ಮಲಗಿದವರೂ ಏಳುತ್ತಾರೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸುತ್ತಮುತ್ತ ಸಿಗುತ್ತದೆಂದು ಕಾಫಿ ಬೀಜ, ಮೆಣಸಿನ ಕಾಳು, ಹುಣಸೆ ಬೀಜ ಕೊಡಬಾರದು. ಮೂರು ವರ್ಷದೊಳಗಿನ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತವೆ. ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಹೋಗುವ ಯಾವ ವಸ್ತುವೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಗುಲಗಂಜಿಯಂತೂ ಅಗಿದರೆ ವಿಷ. ಇನ್ನು ಚಳಿಯೆಂದು ಮಲಗಿದ ಕೂಸಿನ ಮುಖದ ಮೇಲೆ ಕಂಬಳಿ ಎಳೆಯಬಾರದು, ಉಸಿರು ಕಟ್ಟುತ್ತದೆ.

ನಿದ್ದೆ ಬೇಡದ ಮಗುವನ್ನೂ ನಿದ್ದೆ ಮೀರಿದ ಮಗುವನ್ನೂ ಬೇರೆ ಮಾಡಿ ನೋಡುವುದು ಕಷ್ಟದ ಕೆಲಸ. ತುಂಬಾ ದಣಿದ ಮಗು ಕಣ್ಣು ಮುಚ್ಚುವ ಬದಲು ಓಡುತ್ತದೆ, ಕಚ್ಚುತ್ತದೆ, ಸುಮ್ಮಸುಮ್ಮನೆ ನಗುತ್ತದೆ. ಅದಕ್ಕೆ ಆಟದ ಬುಟ್ಟಿ ಬೇಡ, ಪಕ್ಕದಲ್ಲಿ ಕೂತು ಬೆನ್ನು ತಟ್ಟುವ ಕೈ ಬೇಕು. ನಿದ್ದೆ ಬೇಡದ ಮಗು ಕೊಟ್ಟ ವಸ್ತುವಿನಲ್ಲಿ ಮುಳುಗಿ ಸಮಾಧಾನವಾಗಿರುತ್ತದೆ. ಅನುಮಾನವಿದ್ದರೆ ಸಂಜೆ ನೋಡಿ. ನಾಲ್ಕೈದು ಗಂಟೆಗೆ ರಚ್ಚೆ ಹಿಡಿದು, ಮನೆಗೆ ಹೋಗುವ ದಾರಿಯಲ್ಲೇ ಅಮ್ಮನ ಹೆಗಲ ಮೇಲೆ ಮಲಗಿಬಿಟ್ಟರೆ ಅದಕ್ಕೆ ಮಧ್ಯಾಹ್ನದ ನಿದ್ದೆ ಇನ್ನೂ ಬೇಕು. ಎರಡು ವಾರ ಬರೆದಿಟ್ಟುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ: ಹೆಚ್ಚಿನ ದಿನ ಇಪ್ಪತ್ತು ನಿಮಿಷದೊಳಗೆ ಮಲಗಿತೇ, ಇಲ್ಲವೇ. ನಾಲ್ಕು ದಿನ ಮಲಗಿ ಮೂರು ದಿನ ಮಲಗದಿರುವುದೂ ಸಹಜ, ಈ ಹೊಯ್ದಾಟ ತಿಂಗಳುಗಟ್ಟಲೆ ನಡೆಯಬಹುದು. ಅದಕ್ಕೇ ಇಪ್ಪತ್ತು ನಿಮಿಷದ ಅವಕಾಶವನ್ನು ಯಾವ ಮಗುವಿಗೂ ನಿಲ್ಲಿಸಬಾರದು.

ಆ ದಿನ ಮಗು ಮಲಗಿತೇ, ಮಲಗಿದ್ದರೆ ಎಷ್ಟು ಗಂಟೆಗೆ ಎದ್ದಿತು ಎಂಬುದನ್ನು ಸಂಜೆ ಕರೆದೊಯ್ಯಲು ಬಂದ ತಾಯಿಗೆ ಹೇಳಿ ಕಳಿಸಬೇಕು. ಮಧ್ಯಾಹ್ನ ಮೂರಕ್ಕೆ ಎದ್ದ ಹುಡುಗಿ ಎಂದಿನಂತೆ ಎಂಟೂವರೆಗೆ ಮಲಗುತ್ತಾಳೆ. ಬಳೆ ಜೋಡಿಸುತ್ತ ಕೂತಿದ್ದ ಹುಡುಗನನ್ನು ಅವತ್ತು ಒಂಬತ್ತೂವರೆಯವರೆಗೆ ಕಾಯಿಸದೆ ಅರ್ಧ ಗಂಟೆ ಮುಂಚೆಯೇ ಮಲಗಿಸುವುದು ಒಳ್ಳೆಯದು.