ಆರು ಬಿದ್ದರೆ ಹೊರಗೆ

ಅರ್ಧಾಯು ಎಂದರೇನು ಎಂದು ಕೇಳಿದರೆ ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಂದೇ ಉತ್ತರ ಬರುತ್ತದೆ: "ಅರ್ಧ ಮುಗಿಯಲು ಹಿಡಿಯುವ ಕಾಲ, ಸರ್." ಸರಿ. ಹಾಗಾದರೆ ಅಷ್ಟೇ ಕಾಲ ಇನ್ನೊಮ್ಮೆ ಕಳೆದರೆ? "ಉಳಿದರ್ಧವೂ ಮುಗಿಯುತ್ತದೆ." ಎಡವುವುದು ಇಲ್ಲೇ. ಇದನ್ನು ಮಾತಿನಲ್ಲಿ ತಿದ್ದುವುದು ಕಷ್ಟ. ದಾಳ ಕೈಗೆ ಕೊಟ್ಟರೆ ಒಂದು ಪಿರಿಯಡ್ಡಿನಲ್ಲಿ ತಾನೇ ತಿದ್ದಿಕೊಳ್ಳುತ್ತದೆ.

ಮೊದಲು ವಿಷಯ ಏನೆಂದು ನೋಡೋಣ. ಕೆಲವು ಪರಮಾಣುಗಳ ನ್ಯೂಕ್ಲಿಯಸ್, ಅಂದರೆ ನಡುವಿನ ಬೀಜಕೇಂದ್ರ, ಗಟ್ಟಿಯಾಗಿ ನಿಲ್ಲುವುದಿಲ್ಲ. ಯಾವುದೋ ಒಂದು ಗಳಿಗೆಯಲ್ಲಿ ಒಂದು ಕಣವನ್ನು ಹೊರಗೆಸೆದು ಬೇರೊಂದು ಪರಮಾಣುವಾಗಿ ಬದಲಾಗುತ್ತದೆ. ಇದೇ ವಿಕಿರಣ ಕ್ಷಯ. ಉದಾಹರಣೆಗೆ ರೇಡಾನ್-222 ಎಂಬ ಅನಿಲ. ಮಣ್ಣು, ಕಲ್ಲುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂನಿಂದ ಹಂತಹಂತವಾಗಿ ಹುಟ್ಟುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಪರಮಾಣು ಆಲ್ಫಾ ಕಣವೊಂದನ್ನು ಹೊರಗೆಸೆದು ಪೊಲೋನಿಯಂ-218 ಆಗುತ್ತದೆ. ರೇಡಾನ್-222ರ ಅರ್ಧಾಯು 3.82 ದಿನ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಈಗ ಆಟ. 120 ದಾಳ ತೆಗೆದುಕೊಳ್ಳಿ. ಒಂದೊಂದು ದಾಳವೂ ಒಂದೊಂದು ಪರಮಾಣು. ಮುಚ್ಚಳವಿರುವ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ, ನೆಲದ ಮೇಲೆ ಹಾಸಿದ ಜಮಖಾನೆಗೆ ಸುರಿಯಿರಿ. ಬರಿ ನೆಲಕ್ಕೆ ಸುರಿದರೆ ಅರ್ಧ ಹೊತ್ತು ಬೆಂಚಿನಡಿ ಹುಡುಕುವುದರಲ್ಲೇ ಹೋಗುತ್ತದೆ, ಅದು ನನ್ನ ಅನುಭವ. ಆರು ಬಿದ್ದ ದಾಳಗಳೆಲ್ಲ "ಕ್ಷಯಿಸಿದವು". ಅವನ್ನು ಹೊರಗೆ ತೆಗೆಯಿರಿ. ಉಳಿದವನ್ನು ಎಣಿಸಿ, ಬರೆದುಕೊಂಡು, ಅವನ್ನಷ್ಟೇ ಮತ್ತೆ ಡಬ್ಬಿಗೆ ಹಾಕಿ ಎರಡನೆಯ ಸಲ ಸುರಿಯಿರಿ.

ಹೊರಬಂದ ದಾಳಗಳನ್ನು ಮೂಲೆಯಲ್ಲಿ ರಾಶಿ ಹಾಕಬೇಡಿ. ಮೊದಲ ಎಸೆತದವನ್ನು ಒಂದು ಸಾಲಾಗಿ, ಎರಡನೆಯದರವನ್ನು ಪಕ್ಕದಲ್ಲಿ ಇನ್ನೊಂದು ಸಾಲಾಗಿ ಜೋಡಿಸುತ್ತ ಹೋಗಿ. ಸಾಲುಗಳು ಕ್ರಮೇಣ ಗಿಡ್ಡವಾಗುತ್ತ ನೆಲದ ಮೇಲೇ ಗ್ರಾಫ್ ಮೂಡುತ್ತದೆ. ವಿಕಿರಣ ಅಳೆಯುವ ಯಂತ್ರಕ್ಕೆ ತಿಳಿಯುವುದೂ ಈ ಸಾಲುಗಳೇ. ಕ್ಷಯಿಸುವ ಕ್ಷಣದಲ್ಲಿ ಹೊರಬಿದ್ದ ಕಣವನ್ನು ಅದು ಲೆಕ್ಕ ಹಿಡಿಯುತ್ತದೆಯೇ ಹೊರತು, ಸುಮ್ಮನೆ ಕುಳಿತ ಪರಮಾಣು ಅದಕ್ಕೆ ಕಾಣಿಸುವುದಿಲ್ಲ.

ಒಂದು ಆಟದ ಲೆಕ್ಕ ಹೀಗಿತ್ತು. ಮೊದಲ ಎಸೆತಕ್ಕೆ 17 ಆರು ಬಿದ್ದು 103 ಉಳಿದವು. ಆಮೇಲೆ ಉಳಿದದ್ದು ಕ್ರಮವಾಗಿ 83, 72, 59. ಅಂದರೆ ನಾಲ್ಕನೆಯ ಎಸೆತಕ್ಕೆ ಅರ್ಧಕ್ಕಿಳಿಯಿತು. ಎಂಟನೆಯದಕ್ಕೆ 28, ಅಂದರೆ ಕಾಲು ಭಾಗಕ್ಕಿಂತ ತುಸು ಕಡಿಮೆ. ಹನ್ನೊಂದನೆಯದಕ್ಕೆ 15, ಅರೆಕಾಲು. "ಇನ್ನೂ ಇದಾವಲ್ಲ ಸರ್!" ಎಂದು ಮಕ್ಕಳು ಅಂದಾಗ ನಾನು ಸುಮ್ಮನಿದ್ದೆ. ಎರಡು ಅರ್ಧಾಯುವಿಗೆ ಎಲ್ಲ ಮುಗಿಯುತ್ತದೆ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಯಾಕೆ ಹೀಗೆ? ಒಂದು ದಾಳಕ್ಕೆ ಆರು ಮುಖ. ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದು. ಆದ್ದರಿಂದ ಪ್ರತಿ ಎಸೆತಕ್ಕೆ ಆಗ ಇದ್ದ ದಾಳಗಳಲ್ಲಿ ಸುಮಾರು ಆರನೆಯ ಒಂದು ಭಾಗ ಹೋಗುತ್ತದೆ, ಐದು ಭಾಗ ಉಳಿಯುತ್ತದೆ. ಇದ್ದದ್ದು ಹೆಚ್ಚಿದ್ದರೆ ಹೋಗುವುದು ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಕಾಗದದ ಮೇಲೆ ಲೆಕ್ಕ ಹಾಕಿದರೆ 120, 100, 83, 69, 58 ಎಂದು ಇಳಿಯುತ್ತದೆ. 60 ಬರುವುದು ಮೂರು ಮತ್ತು ನಾಲ್ಕನೆಯ ಎಸೆತದ ನಡುವೆ. ನಿಖರವಾಗಿ ಹೇಳುವುದಾದರೆ 3.8 ಎಸೆತಕ್ಕೆ.

ಈಗ ಹಿಂದಿನ ಸಂಖ್ಯೆ ನೆನಪಿಸಿಕೊಳ್ಳಿ. ರೇಡಾನಿನದು 3.82 ದಿನ. ಒಂದು ಎಸೆತವನ್ನು ಒಂದು ದಿನ ಎಂದುಕೊಂಡರೆ ನಿಮ್ಮ ಜಮಖಾನೆಯ ಮೇಲಿರುವುದು ಹೆಚ್ಚುಕಡಿಮೆ ರೇಡಾನೇ! ದಾಳಕ್ಕೆ ಆರು ಮುಖವಿರುವುದಕ್ಕೂ ರೇಡಾನಿಗೂ ಸಂಬಂಧವೇನಿಲ್ಲ, ಬರೀ ಕಾಕತಾಳೀಯ. ಆದರೆ ಪಾಠಕ್ಕೆ ಇಷ್ಟು ಅನುಕೂಲದ ಕಾಕತಾಳೀಯ ಇನ್ನೊಂದು ನನಗೆ ಸಿಕ್ಕಿಲ್ಲ.

ಒಂದು ಸಂಶಯ ಎಲ್ಲರಿಗೂ ಬರುತ್ತದೆ. ಅದೇ ಆಟದಲ್ಲಿ ಹಸಿರು ದಾಳವೊಂದು ಹದಿನೈದು ಎಸೆತವಾದರೂ ಉಳಿದಿತ್ತು. "ಇಷ್ಟು ಹೊತ್ತು ಬಿದ್ದಿಲ್ಲ, ಈ ಸಲ ಅದಕ್ಕೆ ಆರು ಬೀಳಲೇಬೇಕು" ಎಂದಳು ಒಬ್ಬ ಹುಡುಗಿ. ಬೀಳಲಿಲ್ಲ. ಬೀಳಲೇಬೇಕೆಂಬ ನಿಯಮವೂ ಇಲ್ಲ. ಹದಿನಾರನೆಯ ಎಸೆತದಲ್ಲೂ ಅದರ ಪಾಲಿಗೆ ಆರರಲ್ಲಿ ಒಂದೇ ಸಾಧ್ಯತೆ. ಪರಮಾಣುವೂ ಹಾಗೇ. ನಮ್ಮಂತೆ ಅದಕ್ಕೆ ಮುಪ್ಪಿಲ್ಲ. ನಿನ್ನೆ ಹುಟ್ಟಿದ ರೇಡಾನ್ ಪರಮಾಣುವಿಗೂ ತಿಂಗಳಿಂದ ಉಳಿದು ಬಂದದ್ದಕ್ಕೂ ನಾಳೆ ಕ್ಷಯಿಸುವ ಸಾಧ್ಯತೆ ಒಂದೇ. ಯಾವುದು ಹೋಗುತ್ತದೆ ಎಂದು ಯಾರೂ ಹೇಳಲಾರರು. ಎಷ್ಟು ಹೋಗುತ್ತವೆ ಎಂದು ಮಾತ್ರ ಹೇಳಬಹುದು. ಹಾಗಾಗಿಯೇ "ಪೂರ್ಣಾಯು" ಎಂಬ ಮಾತಿಲ್ಲ. 120 ದಾಳ ಪೂರ್ತಿ ಖಾಲಿಯಾಗಲು ಸರಾಸರಿ 30 ಎಸೆತ ಬೇಕು, ಆದರೆ ಕೊನೆಯ ದಾಳದ ಹಟ ಆಟದಿಂದಾಟಕ್ಕೆ ತುಂಬ ಬದಲಾಗುತ್ತದೆ.

ಹಾಗಾದರೆ ಮೊದಲ ಎಸೆತಕ್ಕೆ 20ರ ಬದಲು 17 ಬಿದ್ದದ್ದು ತಪ್ಪೇ? ಅಲ್ಲ. 16ರಿಂದ 24ರವರೆಗೆ ಬೀಳುವುದು ಮಾಮೂಲು. ದಾಳ ಹೆಚ್ಚಾದಷ್ಟೂ ಈ ಏರುಪೇರು ಸಣ್ಣದಾಗಿ ಕಾಣುತ್ತದೆ. 12,000 ದಾಳ ಎಸೆದರೆ 2,000ದ ಆಸುಪಾಸಿನಲ್ಲಿ ನಲವತ್ತರಷ್ಟು ಮಾತ್ರ ಆಚೀಚೆಯಾಗುವುದು ವಾಡಿಕೆ. ನಿಜವಾದ ವಸ್ತುವಿನ ಒಂದು ಚಿಟಿಕೆಯಲ್ಲಿರುವ ಪರಮಾಣುಗಳು ಕೋಟಿ ಕೋಟಿ. ಅದಕ್ಕೇ ಅಲ್ಲಿ ಗೆರೆ ಅಷ್ಟು ನಯವಾಗಿ ಇಳಿಯುತ್ತದೆ. ಹತ್ತೇ ದಾಳದಲ್ಲಿ ಆಡಿದರೆ ಗೆರೆ ಗರಗಸದಂತಾಗಿ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ದಾಳ ಕಡಿಮೆಯಿದ್ದರೆ 30 ದಾಳದಲ್ಲೇ ನಾಲ್ಕು ಸಲ ಆಡಿ, ಆಯಾ ಎಸೆತದ ಲೆಕ್ಕವನ್ನು ಕೂಡಿಸಿಕೊಳ್ಳಿ.

ನಿಜವಾದ ತಪ್ಪುಗಳು ಬೇರೆ. ಹೊರಗಿನ ದಾಳವೊಂದು ಗೊತ್ತಿಲ್ಲದೆ ಡಬ್ಬಿಗೆ ಸೇರುವುದು, ಗುಂಪಿನ ನಡುವಿನ ಆರು ಕಣ್ಣಿಗೆ ಬೀಳದೆ ಹೋಗುವುದು. ಪ್ರತಿ ಸಲ ಒಳಗಿನದೂ ಹೊರಗಿನದೂ ಸೇರಿ 120 ಆಗುತ್ತದೆಯೇ ನೋಡಿ. ಐದು ಎಸೆತ ಕಳೆದರೂ 60ಕ್ಕಿಂತ ಹೆಚ್ಚು ಉಳಿದಿದ್ದರೆ ಎಲ್ಲೋ ಆರುಗಳನ್ನು ಬಿಟ್ಟಿದ್ದೀರಿ ಎಂದೇ ಅನುಮಾನಪಡಿ. ಓರೆಯಾಗಿ ನಿಂತ ದಾಳವನ್ನು ಮತ್ತೆ ಎಸೆಯಬೇಕು ಎಂಬುದನ್ನು ಆಟಕ್ಕೆ ಮೊದಲೇ ನಿಶ್ಚಯಿಸಿಕೊಳ್ಳಿ.

ಈ ಮಾದರಿಗೆ ಎರಡು ಮಿತಿಗಳಿವೆ. ಪರಮಾಣುಗಳು ನಮ್ಮ ಎಸೆತಕ್ಕೆ ಕಾಯುವುದಿಲ್ಲ, ಯಾವ ಕ್ಷಣದಲ್ಲಾದರೂ ಕ್ಷಯಿಸಬಹುದು. ಇನ್ನೊಂದು, ಹೊರತೆಗೆದ ದಾಳ ಆಟದಿಂದ ಹೋಯಿತು, ಪರಮಾಣು ಮಾಯವಾಗುವುದಿಲ್ಲ. ರೇಡಾನಿನಿಂದಾದ ಪೊಲೋನಿಯಂ ಕೂಡ ನಿಮಿಷಗಳಲ್ಲೇ ಕ್ಷಯಿಸುತ್ತದೆ. ಈ ಸರಣಿ ನಿಲ್ಲುವುದು ಕ್ಷಯಿಸದ ಸೀಸಕ್ಕೆ ಬಂದ ಮೇಲೆ. ಇದನ್ನು ತೋರಿಸಬೇಕೆಂದರೆ ತೆಗೆದ ಪ್ರತಿ ದಾಳದ ಜಾಗಕ್ಕೆ ಒಂದು ಹುರಳಿಕಾಳು ಇಡಿ.

ಖರ್ಚಿನ ಮಾತು. ದಾಳಗಳು ಆಟಿಕೆ ಅಂಗಡಿಯಲ್ಲಿ, ದೊಡ್ಡ ಸ್ಟೇಷನರಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ. ಅಷ್ಟು ಕೊಳ್ಳಲಾಗದಿದ್ದರೆ ಬಡಗಿಯಿಂದ ಮರದ ಚೂರುಗಳನ್ನು ಕತ್ತರಿಸಿ ತನ್ನಿ. ಒಂದು ಮುಖಕ್ಕೆ ಮಾತ್ರ ಸ್ಕೆಚ್ ಪೆನ್ನಿನ ಚುಕ್ಕೆ ಸಾಕು. ಆದರೆ ಆರೂ ಮುಖ ಒಂದೇ ಅಳತೆಯಿರಬೇಕು. ಚಪ್ಪಟೆಯಾಗಿದ್ದರೆ ಅಗಲದ ಮುಖವೇ ಹೆಚ್ಚು ಬಿದ್ದು ಅರ್ಧಾಯು ಬದಲಾಗುತ್ತದೆ. ನಾಣ್ಯಗಳಾದರೆ ಒಂದೇ ಎಸೆತಕ್ಕೆ ಅರ್ಧ ಹೋಗಿ ಆಟ ಬೇಗ ಮುಗಿಯುತ್ತದೆ.

ಮನೆಯಲ್ಲಿ ಚೌಕಾಬಾರದ ಕವಡೆಗಳಿದ್ದರೆ ಇನ್ನೂ ಒಳ್ಳೆಯದು. ಕವಡೆ ಬಾಯಿ ಮೇಲಾಗಿ ಬೀಳುವ ಸಾಧ್ಯತೆ ಎಷ್ಟು? ದಾಳದಂತೆ ಮುಖ ಎಣಿಸಿ ಹೇಳುವ ಹಾಗಿಲ್ಲ. ಬಾಯಿ ಮೇಲಾದವನ್ನೆಲ್ಲ ಹೊರಗೆ ತೆಗೆಯುತ್ತ, ಎಷ್ಟನೆಯ ಎಸೆತಕ್ಕೆ ಅರ್ಧ ಉಳಿಯಿತೆಂದು ಬರೆದುಕೊಳ್ಳಿ. ರೇಡಾನಿನ 3.82 ದಿನವನ್ನು ಕಂಡುಕೊಂಡದ್ದೂ ಹೀಗೆಯೇ, ಅಳೆದು.