ಉಳಿದವರ ಲೆಕ್ಕ: ತಂತ್ರಾಂಶ ಸಂಸ್ಥೆಯ ಬೆಳವಣಿಗೆಯನ್ನು ಅಳೆಯುವ ಬಗೆ

ಮಾಸಪತ್ರಿಕೆಯೊಂದಕ್ಕೆ ಈ ವರ್ಷ ನೂರು ಮಂದಿ ಹೊಸ ಚಂದಾದಾರರು ಸೇರಿದರೆಂದು ಕೇಳಿದಾಗ ಸಂಪಾದಕನ ಮನಸ್ಸಿನಲ್ಲಿ ಮೊದಲು ಮೂಡುವ ಪ್ರಶ್ನೆ, ಹಳಬರಲ್ಲಿ ಎಷ್ಟು ಮಂದಿ ಚಂದಾ ನವೀಕರಿಸಿದರು ಎಂಬುದು. ಇಂದಿನ ತಂತ್ರಾಂಶ ಸಂಸ್ಥೆಗಳಲ್ಲಿ ಅನೇಕವು ಇದೇ ಚಂದಾ ಪದ್ಧತಿಯಲ್ಲಿ ವ್ಯವಹರಿಸುತ್ತವೆ. ತಂತ್ರಾಂಶವನ್ನು ಒಮ್ಮೆಗೇ ಮಾರುವುದಿಲ್ಲ; ತಿಂಗಳಿಗೋ ವರ್ಷಕ್ಕೋ ಶುಲ್ಕ ಪಡೆದು ಬಳಸಲು ಕೊಡುತ್ತವೆ. ಇಂತಹ ಸಂಸ್ಥೆಯ ಬೆಳವಣಿಗೆ ಗಟ್ಟಿಯೋ ಟೊಳ್ಳೋ ಎಂಬುದನ್ನು ತಿಳಿಸುವ ಮುಖ್ಯ ಅಳತೆಗೆ ‘ನೆಟ್ ರೆವಿನ್ಯೂ ರಿಟೆನ್ಷನ್’ ಎಂದು ಹೆಸರು. ಕನ್ನಡದಲ್ಲಿ ಅದನ್ನು ‘ನಿವ್ವಳ ಆದಾಯ ಉಳಿಕೆ’ ಎನ್ನಬಹುದು.

ಇದನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಗಳಿಗೂ ಮಡಕಶಿರದ ಅಂಗಡಿಗಳಿಗೂ ಬಿಲ್ಲು ಬರೆಯುವ ತಂತ್ರಾಂಶ ಒದಗಿಸುವ ಸಂಸ್ಥೆಯೊಂದಿದೆ ಎಂದುಕೊಳ್ಳೋಣ. ಕಳೆದ ಏಪ್ರಿಲ್‌ನಲ್ಲಿ ಅದಕ್ಕೆ ನೂರು ಗ್ರಾಹಕರು. ಪ್ರತಿಯೊಬ್ಬರ ಮಾಸಿಕ ಶುಲ್ಕ 1,000 ರೂಪಾಯಿ. ಒಟ್ಟು ಆದಾಯ 1,00,000 ರೂಪಾಯಿ. ವರ್ಷ ಕಳೆಯುವಷ್ಟರಲ್ಲಿ ಹನ್ನೆರಡು ಮಂದಿ ಬಿಟ್ಟುಹೋದರು. ಅದರಿಂದ 12,000 ನಷ್ಟ. ಹತ್ತು ಮಂದಿ ಬಳಕೆ ತಗ್ಗಿಸಿ 600 ರೂಪಾಯಿಯ ಯೋಜನೆಗೆ ಇಳಿದರು. ಅದರಿಂದ 4,000 ನಷ್ಟ. ಇಪ್ಪತ್ತು ಮಂದಿ ದಾಸ್ತಾನಿನ ಲೆಕ್ಕವನ್ನೂ ಸೇರಿಸಿಕೊಂಡು ತಲಾ 1,500 ಹೆಚ್ಚು ಕೊಡತೊಡಗಿದರು. ಅದರಿಂದ 30,000 ಲಾಭ. ಹೀಗೆ ಅದೇ ನೂರು ಮಂದಿಯ ಗುಂಪಿನಿಂದ ಈ ಏಪ್ರಿಲ್‌ನಲ್ಲಿ ಬಂದದ್ದು 1,14,000. ನಿವ್ವಳ ಉಳಿಕೆ ಶೇ. 114.

ಈ ನಡುವೆ ಅರವತ್ತು ಹೊಸ ಗ್ರಾಹಕರು ಸೇರಿ 60,000 ತಂದಿದ್ದರೂ ಅದು ಈ ಲೆಕ್ಕಕ್ಕೆ ಸೇರದು. ಹೊಸಬರನ್ನು ಸೇರಿಸಿದೊಡನೆ ಅಳತೆಯ ಅರ್ಥವೇ ಕೆಡುತ್ತದೆ. ಹಳಬರು ತೊರೆದುಹೋದದ್ದು ಹೊಸಬರ ಸಂಖ್ಯೆಯಲ್ಲಿ ಮುಚ್ಚಿಹೋಗುತ್ತದೆ.

ಇದರ ಪಕ್ಕದಲ್ಲಿ ಅಷ್ಟೇ ಗ್ರಾಹಕರಿಂದ ಆರಂಭಿಸಿದ ಇನ್ನೊಂದು ಸಂಸ್ಥೆಯನ್ನು ಇಟ್ಟು ನೋಡಬೇಕು. ಅದು ನಲವತ್ತು ಮಂದಿಯನ್ನು ಕಳೆದುಕೊಂಡು ನೂರ ಹದಿನಾಲ್ಕು ಹೊಸಬರನ್ನು ಸೇರಿಸಿಕೊಂಡಿತು. ಎರಡರ ಆದಾಯವೂ ಈಗ 1,74,000, ಎರಡೂ ಶೇ. 74ರಷ್ಟು ಬೆಳೆದಿವೆ. ಆದರೆ ಎರಡನೆಯದರ ನಿವ್ವಳ ಉಳಿಕೆ ಕೇವಲ ಶೇ. 60. ಒಬ್ಬ ಹೊಸ ಗ್ರಾಹಕನನ್ನು ತರಲು ಪ್ರಯಾಣ, ದಲ್ಲಾಳಿ, ತರಬೇತಿ ಎಲ್ಲ ಸೇರಿ 6,000 ತಗಲುವುದಾದರೆ, ಮೊದಲನೆಯದು 3,60,000 ವ್ಯಯಿಸಿದಲ್ಲಿ ಎರಡನೆಯದು 6,84,000 ವ್ಯಯಿಸಿದೆ. ಮುಂದಿನ ವರ್ಷ ಹೊಸಬರು ಯಾರೂ ಬಾರದೆ ಇದೇ ಉಳಿಕೆ ಮುಂದುವರಿದರೆ, ಮೊದಲನೆಯದರ ಮಾಸಿಕ ಆದಾಯ 1,98,360ಕ್ಕೆ ಏರುತ್ತದೆ. ಎರಡನೆಯದರದು 1,04,400ಕ್ಕೆ ಕುಸಿಯುತ್ತದೆ. ಓಟೆ ಬಿದ್ದ ಕೊಡಕ್ಕೆ ನೀರು ಸುರಿಯುವವನ ಶ್ರಮ ಎರಡನೆಯ ಸಂಸ್ಥೆಯದು.

ಆದರೂ ನಿವ್ವಳ ಉಳಿಕೆಯೊಂದನ್ನೇ ನಂಬುವಂತಿಲ್ಲ. ಮೊದಲ ಸಂಸ್ಥೆಯ 30,000 ಇಪ್ಪತ್ತು ಮಂದಿಯಿಂದ ಬಾರದೆ ಒಂದೇ ದೊಡ್ಡ ಘಟಕದಿಂದ ಬಂದಿದ್ದರೂ ಉತ್ತರ ಶೇ. 114 ಎಂದೇ ಬರುತ್ತಿತ್ತು. ಆ ಘಟಕ ಬಾಗಿಲು ಹಾಕಿದ ದಿನ ಎಲ್ಲವೂ ತಲೆಕೆಳಗಾಗುತ್ತಿತ್ತು. ಬೆಲೆ ಏರಿಸಿಯೂ ಈ ಅಂಕಿಯನ್ನು ಕೆಲಕಾಲ ಹಿಗ್ಗಿಸಬಹುದು. ಆದಕಾರಣ ಹೆಚ್ಚಳವನ್ನು ಬಿಟ್ಟು ನಷ್ಟವನ್ನಷ್ಟೇ ಎಣಿಸುವ ‘ಗ್ರಾಸ್ ರಿಟೆನ್ಷನ್’ ಎಂಬ ಅಳತೆಯನ್ನೂ ಜೊತೆಯಲ್ಲಿ ನೋಡಬೇಕು. ಮೊದಲ ಸಂಸ್ಥೆಯಲ್ಲಿ ಅದು ಶೇ. 84. ಈ ಅಳತೆ ಎಂದೂ ನೂರನ್ನು ಮೀರದು. ನಿವ್ವಳ ಏರುತ್ತಿರುವಾಗ ಇದು ಇಳಿಯುತ್ತಿದ್ದರೆ, ಕೆಲವರ ಹೆಚ್ಚಳ ಹಲವರ ನಿರ್ಗಮನವನ್ನು ಮರೆಮಾಡುತ್ತಿದೆ ಎಂದು ತಿಳಿಯಬೇಕು.

ನಿಜಜೀವನದ ಉದಾಹರಣೆಗೆ ಚೆನ್ನೈಯನ್ನು ನೋಡಬಹುದು. ಅಲ್ಲಿ 2010ರಲ್ಲಿ ಹುಟ್ಟಿ, 2021ರಲ್ಲಿ ಅಮೆರಿಕೆಯ ನಾಸ್ಡಾಕ್ ಷೇರುಪೇಟೆಗೆ ಕಾಲಿಟ್ಟ ಫ್ರೆಶ್‌ವರ್ಕ್ಸ್ ಸಂಸ್ಥೆಯ ನಿವ್ವಳ ಉಳಿಕೆ ಆ ವರ್ಷಾಂತ್ಯಕ್ಕೆ ಶೇ. 114 ಇತ್ತು; 2022ರ ಅಂತ್ಯಕ್ಕೆ ಶೇ. 108ಕ್ಕೆ ಇಳಿಯಿತು. ಅದೇ ವರ್ಷ ಅದರ ಆದಾಯ ಸುಮಾರು 37.1 ಕೋಟಿ ಡಾಲರಿನಿಂದ 49.8 ಕೋಟಿ ಡಾಲರಿಗೆ, ಅಂದರೆ ಶೇ. 34ರಷ್ಟು ಏರಿತ್ತು. ಆದಾಯವನ್ನು ಮಾತ್ರ ನೋಡಿದವನಿಗೆ ಹಳಬರ ಹೆಚ್ಚಳ ನಿಧಾನಗೊಂಡದ್ದು ಕಾಣುತ್ತಿರಲಿಲ್ಲ. ಆದರೆ ಇಳಿಕೆಯನ್ನು ಅರ್ಥೈಸುವಾಗಲೂ ಎಚ್ಚರ ಬೇಕು: ಆ ವರ್ಷ ಡಾಲರ್ ಬಲಗೊಂಡಿದ್ದರಿಂದ ಅನ್ಯ ನಾಣ್ಯಗಳಲ್ಲಿ ಬಂದ ಶುಲ್ಕ ಡಾಲರಿನ ಲೆಕ್ಕದಲ್ಲಿ ಕಿರಿದಾಗಿ ಕಂಡಿತು.

ಈ ಸೀಮೆಯ ಪದವೀಧರರಲ್ಲಿ ಕೆಲಸಕ್ಕೆಂದು ಬೆಂಗಳೂರಿನ ದಾರಿ ಹಿಡಿಯುವವರಿದ್ದಾರೆ. ‘ವರ್ಷದಲ್ಲಿ ಇಮ್ಮಡಿಯಾದೆವು’ ಎನ್ನುವ ಹೊಸ ಸಂಸ್ಥೆಯನ್ನು ಸೇರುವ ಮುನ್ನ ಅಂಥವರು ಕೇಳಬೇಕಾದದ್ದು ಎರಡೇ ಮಾತು: ಕಳೆದ ವರ್ಷದ ಗ್ರಾಹಕರು ಈ ವರ್ಷ ಎಷ್ಟು ಕೊಟ್ಟರು? ಅವರಲ್ಲಿ ಬಿಟ್ಟುಹೋದವರ ಪಾಲು ಎಷ್ಟು? ಎರಡನೆಯ ಸಂಸ್ಥೆಯಂಥದ್ದರಲ್ಲಿ ಸುರಿಯುವ ಹಣ ನಿಂತ ದಿನ ಸಂಬಳವೂ ನಿಲ್ಲುತ್ತದೆ.